ಪದಚರ್ಚೆ: ‘ಸುಮನೋಮೂಲ್ಯ’ಕ್ಕೆ ಕನ್ನಡ ಮಾತು ಬೇಕು (ಶಾಕುಂತಲದ ಮೀನುಗಾರನ ಪಾತ್ರಚಿತ್ರಣಕ್ಕೆ)

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ನಾಟಕ ತರಗತಿಗೆ ಒಂದು ಪುಟದ ಪಾತ್ರಚಿತ್ರಣ ಬರೆದು ಸೋಮವಾರ ಕೊಡಬೇಕು. ದೊಡ್ಡ ಪಾತ್ರಗಳನ್ನು ಮುಟ್ಟಬಾರದು ಎಂದು ಮಾಸ್ತರರ ಕರಾರು. ನಾನು ಹಿಡಿದದ್ದು ಕಾಳಿದಾಸನ ಶಾಕುಂತಲದ ಆರನೇ ಅಂಕದ ಶುರುವಿಗೆ ಬರುವ ಮೀನುಗಾರನನ್ನು. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿದವ. ರಾಜ ಕೊಟ್ಟ ಇನಾಮಿನಲ್ಲಿ ಅರ್ಧವನ್ನು ಅವನು ತನ್ನನ್ನು ಕಳ್ಳನೆಂದು ಹಿಡಿದು ತಂದ ಕಾವಲುಗಾರರಿಗೇ ಕೊಡುತ್ತಾನೆ, ‘ಸುಮನೋಮೂಲ್ಯ’ ಎಂದು. ಇದಕ್ಕೆ ಲಂಚ ಎನ್ನಲೋ, ಬಕ್ಷೀಸು ಎನ್ನಲೋ, ಮಾಮೂಲು ಎನ್ನಲೋ? ಯಾವ ಮಾತು ಹಾಕಿದರೆ ಅವನು ಎಂಥವನಾಗುತ್ತಾನೆ ಎಂಬುದೇ ನನ್ನ ತೊಡಕು.

ಕುಮಟಾದಿಂದ:
ಬಕ್ಷೀಸು ಪಾರಸಿ, ಮಾಮೂಲು ಅರಬ್ಬಿ. ಎರಡೂ ಬೇಡ. ಅಚ್ಚಗನ್ನಡದ ಲಂಚ ಇರುವಾಗ ಸಾಲ ಯಾಕೆ? ‘ಪಾತ್ರಚಿತ್ರಣ’ವೂ ಸಂಸ್ಕೃತವೇ. ‘ಸೋಗಿನ ಬರಹ’ ಎನ್ನಿ.

ಅಂಕೋಲೆಯಿಂದ:
ಹೆಸರಿಲ್ಲದ ಪಾತ್ರ ಅಲ್ಲವೇ, ಅವನನ್ನು ಹರಿಕಂತ್ರ ಎಂದೇ ಕರೆಯಿರಿ, ನಮ್ಮ ಕರಾವಳಿಗೆ ಹತ್ತಿರವಾಗುತ್ತದೆ. ನಮ್ಮೂರ ಯಕ್ಷಗಾನದ ಆಟದಲ್ಲಿ ಇಂಥ ಅಂಬಿಗ, ದೂತ ಎಲ್ಲ ಹಾಸ್ಯಗಾರರ ಪಾಲು. ನಾನೂ ಒಮ್ಮೆ ಅಂಬಿಗನಾಗಿ ಕುಣಿದಿದ್ದೇನೆ, ಜನ ಬಿದ್ದು ಬಿದ್ದು ನಕ್ಕರು.

ಶಿರಸಿಯಿಂದ:
ಅಂಕೋಲೆಯವರೇ, ಕೇಳಿದ್ದು ಅದಲ್ಲ. ಅಲ್ಲದೆ ಉಂಗುರ ಬಿದ್ದದ್ದು ಗಂಗೆಯಲ್ಲಿ, ಸಿಕ್ಕಿದ್ದು ರೋಹಿತ ಮೀನಿನಲ್ಲಿ. ಅದು ಹೊಳೆಯ ಮೀನು. ಕಡಲಿಗೆ ದೋಣಿ ಇಳಿಸುವವರ ಹೆಸರು ಇವನಿಗೆ ಒಗ್ಗುವುದಿಲ್ಲ. ಬೆಸ್ತ ಎಂದರೆ ಸಾಕು. ಕುಮಟಾದವರೇ, ‘ಲಂಚ’ ಸಂಸ್ಕೃತ ನಿಘಂಟಿನಲ್ಲೂ ಕೂತಿದೆ, ಅಚ್ಚಗನ್ನಡ ಎಂದು ಆಣೆ ಹಾಕಬೇಡಿ.

ಈಗ ಕಾರವಾರದವರಿಗೆ. ‘ಸುಮನಸ್ಸು’ ಎಂದರೆ ಹೂವು. ಆ ದೃಶ್ಯದಲ್ಲಿ ಹೂವು ಎರಡು ಸಲ ಬರುತ್ತದೆ. ಅಧಿಕಾರಿ ಉಂಗುರ ಹಿಡಿದು ಅರಮನೆಯೊಳಗೆ ಹೋದಾಗ ಹೊರಗೆ ನಿಂತ ಕಾವಲುಗಾರನೊಬ್ಬ, ಇವನ ಕೊರಳಿಗೆ ಕೊಲೆಯ ಹೂಮಾಲೆ ಕಟ್ಟಲು ತನ್ನ ಕೈ ತುಡಿಯುತ್ತಿದೆ ಎನ್ನುತ್ತಾನೆ. ವಧೆಗೆ ಒಯ್ಯುವವನಿಗೆ ಹೂ ಮುಡಿಸುವುದು ಆಗಿನ ಪದ್ಧತಿ. ಸ್ವಲ್ಪ ಹೊತ್ತಿಗೆ ಬಿಡುಗಡೆಯ ಅಪ್ಪಣೆ ಬರುತ್ತದೆ, ಉಂಗುರದ ಬೆಲೆಯಷ್ಟು ಹಣವೂ ಬರುತ್ತದೆ. ಆಗ ಬೆಸ್ತ ಅರ್ಧ ಹಣ ಚಾಚಿ ‘ಇದು ನಿಮ್ಮ ಹೂವಿನ ಬೆಲೆ’ ಎನ್ನುತ್ತಾನೆ. ತನ್ನ ಕೊರಳಿಗೆ ಬೀಳಬೇಕಿದ್ದ ಹೂವಿನ ಲೆಕ್ಕ ಚುಕ್ತಾ ಮಾಡುತ್ತಾನೆ! ಲಂಚ, ಬಕ್ಷೀಸು, ಮಾಮೂಲು ಯಾವುದನ್ನು ಹಾಕಿದರೂ ಹೂವು ಹೋಯಿತು, ಹೂವಿನ ಜೊತೆ ಪಾತ್ರವೂ ಹೋಯಿತು. ‘ಹೂವಿನ ದುಡ್ಡು’ ಎಂದೇ ಬರೆಯಿರಿ.

ಅವನು ಬರೀ ಅಂಜುಬುರುಕನಲ್ಲ. ಕೈ ಹಿಂದಕ್ಕೆ ಕಟ್ಟಿಸಿಕೊಂಡು ಬರುವಾಗ ಅಂಜಿಕೆ ಇದೆ, ನಿಜ. ಒಳ್ಳೆ ಬ್ರಾಹ್ಮಣ ಎಂದು ರಾಜ ನಿನಗೆ ದಾನ ಕೊಟ್ಟನೋ ಎಂದು ಕಾವಲುಗಾರ ಕೆಣಕುತ್ತಾನೆ. ಬಲೆ ಗಾಳಗಳಿಂದ ಸಂಸಾರ ಸಾಕುತ್ತೇನೆ ಎಂದರೆ, ಎಂಥ ಶುದ್ಧ ಕಸುಬು ಎಂದು ಅಧಿಕಾರಿ ನಗುತ್ತಾನೆ. ಆಗ ಬೆಸ್ತ ತಡೆಯುತ್ತಾನೆ: ಒಡೆಯಾ, ಹಾಗನ್ನಬೇಡಿ, ಹುಟ್ಟಿನಿಂದ ಬಂದ ಕೆಲಸ ಬಿಡಬಾರದು, ಯಜ್ಞದಲ್ಲಿ ಪಶು ಕೊಲ್ಲುವ ಶ್ರೋತ್ರಿಯನೂ ಮನಸ್ಸಿನಲ್ಲಿ ಮೃದುವೇ. ಬ್ರಾಹ್ಮಣನ ಹೆಸರೆತ್ತಿ ಕೆಣಕಿದವರಿಗೆ ಬ್ರಾಹ್ಮಣನನ್ನೇ ಉದಾಹರಣೆ ಕೊಡುವ ಈ ಜಾಣನೇ ಹೂವಿನ ಬೆಲೆ ಕೊಡುವವ. ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡಿ. ಅವನು ಮಾಗಧಿ ಎಂಬ ಪ್ರಾಕೃತದಲ್ಲಿ ಮಾತಾಡುತ್ತಾನೆ, ಬೆಸ್ತ ಎಂಬ ಅರ್ಥದ ‘ಧೀವರ’ ಅವನ ಬಾಯಲ್ಲಿ ‘ಧೀವಲೆ’. ಆ ಭಾಷೆಯನ್ನು ನಗೆಗೆ ಮಾತ್ರ ಎಂದುಕೊಂಡರೆ ಈ ಚುರುಕು ಕಾಣುವುದಿಲ್ಲ.

ಕಾರವಾರದಿಂದ:
ದೊಡ್ಡ ಉಪಕಾರ. ‘ಹೂವಿನ ದುಡ್ಡು’ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಮಾತು ಒಪ್ಪಲಾರೆ. ಹಣ ಚಾಚಿದ ಕೂಡಲೇ ಕಾವಲುಗಾರ ‘ಇಷ್ಟು ಕೊಡುವುದು ನ್ಯಾಯ’ ಎನ್ನುತ್ತಾನೆ, ಅಧಿಕಾರಿ ನೀನೀಗ ನನ್ನ ಪ್ರಿಯ ಗೆಳೆಯ ಎಂದು ಎಲ್ಲರನ್ನೂ ಹೆಂಡದಂಗಡಿಗೆ ಹೊರಡಿಸುತ್ತಾನೆ. ಕೊಡದೆ ಅಲ್ಲಿಂದ ಅವನು ಮನೆ ಮುಟ್ಟುತ್ತಿದ್ದನೇ? ಅವನ ಜಾಣತನದ ಅಡಿಯಲ್ಲಿ ಆ ಅಂಜಿಕೆ ಕೊನೆಯವರೆಗೂ ಇದೆ ಎಂದೇ ಬರೆಯುತ್ತೇನೆ. ಇನ್ನೊಂದು, ಕಾವಲುಗಾರರಿಗೆ ಸೂಚಕ, ಜಾನುಕ ಎಂದು ಹೆಸರಿದೆ. ಇವನ ಮಾತಿನ ಮುಂದೆ ‘ಪುರುಷ’ ಎಂದಷ್ಟೇ ಇದೆ. ಅದನ್ನು ಚಿತ್ರಣದ ಮೊದಲ ಸಾಲಿಗೇ ಹಾಕುತ್ತೇನೆ.

ಶಿರಸಿಯಿಂದ:
ಅಂಜಿದವ ‘ಹೂವಿನ ಬೆಲೆ’ ಎನ್ನುವುದಿಲ್ಲ, ಸುಮ್ಮನೆ ಕೊಟ್ಟು ಹೋಗುತ್ತಾನೆ. ಆದರೂ ಬರೆಯಿರಿ, ಮಾಸ್ತರರ ಹತ್ತಿರ ವಾದಿಸಲು ದೃಶ್ಯದಲ್ಲೇ ಆಧಾರ ಇದೆ.

ಕುಮಟಾದಿಂದ:
‘ಹೂವಿನ ದುಡ್ಡು’ ಕನ್ನಡವೇ, ತಕರಾರಿಲ್ಲ. ‘ಚಿತ್ರಣ’ದ ವಿಷಯ ಯಾರೂ ಎತ್ತಲಿಲ್ಲ.

ಅಂಕೋಲೆಯಿಂದ:
‘ತಕರಾರು’ ಯಾವ ಊರಿನದು ಸ್ವಾಮಿ?