ಸೋಮವಾರ ಮತ್ತೆ ಬಂದ ಹುಡುಗ

“ಹತ್ತನೆಯ ತರಗತಿಯವರನ್ನು ಬೀಳ್ಕೊಡುವುದಕ್ಕೆ ಶಾಲೆಯಲ್ಲಿ ಒಂದು ರೂಢಿಯಿದೆ. ಎಂಟನೆಯ ತರಗತಿಯಿಂದ ನವೆಂಬರಿನಲ್ಲಿ ಒಬ್ಬನೇ ಹುಡುಗ ಹೊರಟು ನಿಂತರೆ ಏನು ಮಾಡಬೇಕೆಂದು ಯಾರಿಗೂ ತಿಳಿಯದು” ಎಂದು ಕನ್ನಡ ಮೇಡಂ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮುಂದೆ ಕುಳಿತು ಆರಂಭಿಸಿದರು. ಹುಡುಗನ ತಂದೆಗೆ ಬೀದರಿಗೆ ವರ್ಗವಾಗಿತ್ತು.

“ತಲೆಗೆ ಇಪ್ಪತ್ತು ರೂಪಾಯಿ ಚಂದಾ ಎತ್ತಿದ್ದಾರಂತೆ?” ಎಂದು ಗಣಿತದ ಮೇಷ್ಟ್ರು ಕೇಳಿದರು.

“ಎತ್ತಿದರು. ಗುಟ್ಟಾಗಿ ಎತ್ತಬೇಕೆಂದು ತೀರ್ಮಾನಿಸಿದ ಆ ಮಹನೀಯರು ಹೊರಡುವವನ ಬಳಿಯೂ ಚಂದಾ ಕೇಳಿದರು, ಅವನೂ ಕೊಟ್ಟ. ಕೇಕಿಗೆ ಹಣ ಸಾಕಾಯಿತು. ಉಳಿದದ್ದರಲ್ಲಿ ಒಂದು ದಪ್ಪ ನೋಟು ಪುಸ್ತಕ ತಂದು, ಎಲ್ಲರೂ ಒಂದೊಂದು ಪುಟ ಬರೆಯಬೇಕೆಂದು ಬೆಂಚಿನ ಕೆಳಗೆ ಸಾಗಿಸಿದರು. ಮೊದಲ ಹತ್ತು ಪುಟಗಳಲ್ಲಿಯೂ ‘ನಮ್ಮನ್ನು ಮರೆಯಬೇಡ’ ಎಂಬ ಒಂದೇ ವಾಕ್ಯವಿತ್ತು.”

“ಹನ್ನೊಂದನೆಯವನು ಬರೆಯುತ್ತಿದ್ದಾಗ ನಾನೇ ಹಿಡಿದೆ” ಎಂದರು ಮೇಷ್ಟ್ರು.

“ಹಿಡಿದು ನನಗೆ ಕೊಟ್ಟಿರಿ. ಅವನೊಂದಿಗೆ ನಡೆದ ಒಂದು ಘಟನೆಯನ್ನು ಬರೆದು, ಕೊನೆಯಲ್ಲಿ ಮನೆಯ ಫೋನ್ ನಂಬರನ್ನೂ ಸೇರಿಸಿ ಎಂದೆ. ಆಮೇಲೆ ಪುಸ್ತಕಕ್ಕೆ ಜೀವ ಬಂತು. ಅವನ ಕೈವಾರವನ್ನು ಜೂನಿನಲ್ಲಿ ಪಡೆದು ಇನ್ನೂ ಹಿಂದಿರುಗಿಸದವನು ಅದನ್ನು ಪುಟಕ್ಕೆ ಅಂಟುಪಟ್ಟಿಯಿಂದ ಅಂಟಿಸಿ, ‘ಕ್ಷಮಿಸು, ಮುಳ್ಳು ಮೊಂಡಾಗಿದೆ’ ಎಂದು ಬರೆದಿದ್ದ. ಒಬ್ಬಳು ತಾನು ತಿಂದ ಅವನ ಚಿತ್ರಾನ್ನದ ಡಬ್ಬಿಗಳ ಲೆಕ್ಕವನ್ನೇ ಕೊಟ್ಟಿದ್ದಳು.”

ಶನಿವಾರ ಬೆಳಗಿನ ತರಗತಿ ಮುಗಿದ ಕೂಡಲೇ ಕೇಕು ಕತ್ತರಿಸಲಾಯಿತು. ತರಗತಿಯ ನಾಯಕ ಭಾಷಣ ಮಾಡುತ್ತಾ ಅತ್ತ. ಅವನು ಅತ್ತದ್ದನ್ನು ನೋಡಿ ಎಲ್ಲರೂ ಅತ್ತರು. ಸೋಮವಾರ ಪ್ರಾರ್ಥನೆಯ ವೇಳೆಗೆ ಹುಡುಗ ಎಂದಿನಂತೆ ಸಾಲಿನಲ್ಲಿ ನಿಂತಿದ್ದ.

“ಟಿ.ಸಿ. ಆಗಿರಲಿಲ್ಲ. ಗ್ರಂಥಾಲಯದ ಒಂದು ಪುಸ್ತಕ ಅವನ ಹೆಸರಿನಲ್ಲಿ ಬಾಕಿಯಿದೆ ಎಂದು ಗುಮಾಸ್ತರು ತಡೆಹಿಡಿದಿದ್ದರು. ಅಷ್ಟು ಅತ್ತ ಮೇಲೆ ಅವನೊಂದಿಗೆ ಏನು ಮಾತನಾಡುವುದೆಂದು ತೋಚದೆ, ಮಧ್ಯಾಹ್ನದವರೆಗೆ ತರಗತಿಯೇ ಮೂಕವಾಗಿತ್ತು” ಎಂದರು ಮೇಡಂ.

“ತಡೆಹಿಡಿಯುವ ಹಾಗಿಲ್ಲವಲ್ಲ” ಎಂದು ಮೇಷ್ಟ್ರು ಇಡ್ಲಿ ಬಿಟ್ಟು ನೇರವಾಗಿ ಕುಳಿತರು. “ನಮ್ಮದು ಅನುದಾನಿತ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ, ಎಂಟನೆಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವಾಗ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು, ಅದು ತಡವಾಯಿತೆಂದು ಅಲ್ಲಿಯವರು ದಾಖಲಾತಿಯನ್ನು ನಿರಾಕರಿಸುವಂತೆಯೂ ಇಲ್ಲ.”

“ಇದನ್ನೇ ಹೇಳಿದ ಮೇಲೆ ಗುಮಾಸ್ತರು ಅಂದು ಸಂಜೆಗೆ ಬರೆದುಕೊಟ್ಟರು. ಆದರೆ ಪುಸ್ತಕದ ಗತಿಯೇನಾಯಿತೆಂದು ನಾನು ಬಿಡಲಿಲ್ಲ.”

“ಎಲ್ಲಿತ್ತು?”

“ಭಾಷಣ ಮಾಡಿ ಅತ್ತ ನಾಯಕನ ಮನೆಯಲ್ಲಿ. ಇವನ ಹೆಸರಿನಲ್ಲಿ ಅವನೇ ಒಯ್ದಿದ್ದ. ಈಗ ಓದಿ ಮುಗಿಸಲು ಇನ್ನೊಂದು ವಾರ ಬೇಕೆಂದು ಕೇಳುತ್ತಿದ್ದಾನೆ.”