ಅಪ್‌ಡೇಟ್: ಬಡಾವಣೆ ಕಾರ್ಯಕ್ರಮದ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಕೊನೆಗೆ ಉಳಿದದ್ದು

ನನ್ನ ಪ್ರಶ್ನೆ: "ಬಡಾವಣೆಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಫೀಡ್‌ಬ್ಯಾಕ್ ಫಾರ್ಮ್ ಮಾಡ್ತಿದ್ದೀವಿ. ಪ್ರಶ್ನೆಗಳು ಎರಡು ಪುಟ ದಾಟಿವೆ. ಯಾವುದನ್ನ ಉಳಿಸಿಕೊಳ್ಳೋದು?"

ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. "ಉತ್ತರ ಕೆಟ್ಟದಾಗಿ ಬಂದರೆ ಯಾರು, ಏನನ್ನು ಬದಲಿಸ್ತಾರೆ?" ಅಂತ ಪ್ರತಿ ಪ್ರಶ್ನೆಗೂ ಕೇಳಿನೋಡಿ ಎಂದಿದ್ರಲ್ಲ, ಅದೇ ಕೆಲಸಕ್ಕೆ ಬಂತು. ವಯಸ್ಸು, ಉದ್ಯೋಗ, "ಒಟ್ಟಾರೆ ಎಷ್ಟು ಅಂಕ" ಎಲ್ಲಾ ಹೋದವು. ಐದಕ್ಕೆ ನಾಲ್ಕು ಬಂದ್ರೆ ಅದನ್ನಿಟ್ಕೊಂಡು ಮಾಡೋದಾದ್ರೂ ಏನು?

ಉಳಿದದ್ದು ಮೂರೇ: ಎಲ್ಲಿ ಕೂತಿದ್ರಿ, ಮಾತು ಸ್ಪಷ್ಟವಾಗಿ ಕೇಳಿಸಿತಾ; ಮಧ್ಯದಲ್ಲೇ ಹೊರಟಿದ್ರೆ ಯಾವಾಗ, ಯಾಕೆ; ಮುಂದಿನ ವರ್ಷ ಒಂದೇ ಒಂದು ಬದಲಾವಣೆ ಅಂದ್ರೆ ಯಾವುದು.

ಮೊದಲನೆಯದರಲ್ಲಿ ಜಾಗ ಕೇಳಿದ್ದೇ ಲಾಭ. ಮುಂದೆ ಕೂತವರು ಸೌಂಡ್ ಜಾಸ್ತಿ ಅಂದ್ರು, ಹಿಂದಿನವರು ನಾಟಕದ ಮಾತೇ ತಿಳೀಲಿಲ್ಲ ಅಂದ್ರು. ಜಾಗ ಕೇಳದೇ ಇದ್ದಿದ್ರೆ ಎರಡೂ ಸೇರಿ "ಪರವಾಗಿಲ್ಲ" ಅಂತ ಆಗ್ತಿತ್ತು. ವಾಲ್ಯೂಮ್ ಏರಿಸಿದ್ರೆ ಮುಂದಿನವರ ಕಿವಿಗೇ ಕಷ್ಟ. ಹಾಗಾಗಿ ಮುಂದಿನ ಸಲ ವೇದಿಕೆಯ ಸ್ಪೀಕರ್ ತಗ್ಗಿಸಿ, ಅಂಗಳದ ನಡುವೆ ಇನ್ನೊಂದು ಜೋಡಿ ಇಡೋಕೆ ಸೌಂಡ್‌ನವರಿಗೆ ಹೇಳಿದ್ದೀವಿ.

ಬೇಗ ಹೊರಟವರು ಹೆಚ್ಚಾಗಿ ಭಾಷಣದ ಹೊತ್ತಲ್ಲೇ ಎದ್ದಿದ್ರು (ಅಧ್ಯಕ್ಷರಿಗೆ ಇದನ್ನ ಯಾರು ಹೇಳೋದು ಅನ್ನೋದೇ ದೊಡ್ಡ ಚರ್ಚೆಯಾಯ್ತು!). ಇಂಥವರ ಉತ್ತರ ಸಿಕ್ಕಿದ್ದು ಫಾರ್ಮ್ ಅನ್ನು ಗೇಟಿನ ಹತ್ತಿರ ಇಟ್ಟಿದ್ದಕ್ಕೆ. ಕೊನೆಯಲ್ಲಿ ಹಂಚಿದ್ರೆ ಕೊನೆವರೆಗೂ ಕೂತವರ ಅಭಿಪ್ರಾಯ ಮಾತ್ರ ಬರುತ್ತೆ. ಮುಂದಿನ ವರ್ಷ ಮಕ್ಕಳ ನೃತ್ಯ ಮೊದಲು, ಭಾಷಣ ಆಮೇಲೆ.