ನಲವತ್ತನಾಲ್ಕೂವರೆ ಸಾವಿರ ಎಲ್ಲಿ ಹೋಯ್ತು

"ಅಕ್ಕಾ, ಸಂಘದ ಗಣೇಶೋತ್ಸವದ ಲೆಕ್ಕ ನೋಡಿದೆ. ರಸೀದಿ ಪುಸ್ತಕದ ಒಟ್ಟು 1,86,500 ಅಂತ ಹಾಕಿದ್ದೀರಿ. ಪಾಸ್‌ಬುಕ್ಕಿನ ಫೋಟೊದಲ್ಲಿ ಜಮೆ ಕೂಡಿಸಿದ್ರೆ 1,42,000 ಮಾತ್ರ ಬರ್ತದೆ. ನಡುವಿನ 44,500 ಎಲ್ಲಿ? ತಪ್ಪು ತಿಳ್ಕೊಳ್ಬೇಡಿ, ಅಪ್ಪ ಕೇಳ್ತಿದ್ದಾರೆ."

ಹಾಂ ತಮ್ಮಾ, ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಲೋಕಲ್‌ನಲ್ಲಿ ನಿಂತ್ಕೊಂಡು ಹೇಳುವ ವಿಷಯ ಅಲ್ಲ ಅದು, ಹಾಗಾಗಿ ಆಗ ಸುಮ್ಮನಿದ್ದೆ. ಈಗ ಗೋರೆಗಾಂವ್ ಇಳಿದು, ಮನೆಗೆ ಬಂದು, ಊಟವೂ ಆಯ್ತು. ಮೂರು ರಸೀದಿ ಪುಸ್ತಕ, ಪಾಸ್‌ಬುಕ್, ವೋಚರಿನ ಫೈಲು ಎಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದೇನೆ. ಉದ್ದ ಆಗ್ತದೆ, ಅಪ್ಪನಿಗೂ ಕೇಳಿಸು.

ಮೊದಲು ಒಂದು ವಿಷಯ. ಪಟ್ಟಿ ಟೈಪ್ ಮಾಡಿದ ನಮ್ಮ ಹುಡುಗ ಇಲ್ಲೇ ಮುಂಬಯಿಯಲ್ಲಿ ಹುಟ್ಟಿ ಬೆಳೆದವ. ಬಂದ ಹಣದ ಮೇಲೆ "ಪಾವತಿ" ಅಂತ ತಲೆಬರಹ ಹಾಕಿಬಿಟ್ಟಿದ್ದಾನೆ. ಮರಾಠಿಯಲ್ಲಿ ಪಾವತಿ ಅಂದ್ರೆ ರಸೀದಿ, ಅವನ ಪ್ರಕಾರ ಸರಿಯೇ. ನಮಗೆ ಪಾವತಿ ಅಂದ್ರೆ ಕೊಟ್ಟದ್ದು. ಊರಿಂದ ಒಬ್ಬರು ಮಾಮ ಫೋನ್ ಮಾಡಿ, "ಇಷ್ಟೆಲ್ಲ ಪಾವತಿ ಮಾಡಿದ ಮೇಲೆ ನಿಮ್ಮಲ್ಲಿ ಎಂತ ಉಳಿದೀತು ಮಾರಾಯ್ತಿ" ಅಂತ ಕೇಳಿದ್ರು. ಅದನ್ನು ತಿದ್ದಿಸ್ತೇನೆ.

ಈಗ ನಿನ್ನ 44,500. ರಸೀದಿ ಪುಸ್ತಕದಲ್ಲಿ ಇರುವುದೆಲ್ಲ ಹಣ ಅಲ್ಲ. ಅದ್ರಲ್ಲಿ 27,000 ವಸ್ತು ರೂಪದಲ್ಲಿ ಬಂದದ್ದು. ಅನ್ನಸಂತರ್ಪಣೆಗೆ ಅಕ್ಕಿ, ತೊಗರಿಬೇಳೆ, ಎಣ್ಣೆ ಕೊಟ್ಟ ಹೋಟೆಲಿನವರಿದ್ದಾರಲ್ಲ, ಅವರು ವಾಶಿ ಮಾರ್ಕೆಟ್ಟಿನ ಬಿಲ್ಲನ್ನೇ ನಮಗೆ ಕೊಟ್ಟಿದ್ದಾರೆ, 15,000. ಲೈಟಿಂಗ್‌ನವರು 12,000ದ ಬಿಲ್ಲು ಬರೆದು ಅದ್ರ ಮೇಲೆ "ಸೇವೆ" ಅಂತ ಸಹಿ ಹಾಕಿದ್ರು. ಎರಡಕ್ಕೂ ರಸೀದಿ ಕೊಟ್ಟಿದ್ದೇವೆ, ಆದ್ರೆ ಅದು ಬ್ಯಾಂಕಿಗೆ ಹೋಗುವಂಥದ್ದಲ್ಲ ಅಲ್ವಾ. ಬಿಲ್ಲು ಇರುವುದಕ್ಕೆ ಮಾತ್ರ ಬೆಲೆ ಹಾಕಿದ್ದು. ಐದು ದಿನವೂ ಪಂಚಕಜ್ಜಾಯ ಮಾಡಿ ತಂದ ಅಕ್ಕನ ಹೆಸರು ಪಟ್ಟಿಯಲ್ಲುಂಟು, ಅವರ ಮುಂದೆ ಮೊತ್ತ ಇಲ್ಲ. ಬಾಯಿಮಾತಿನಲ್ಲಿ ಬೆಲೆ ಕಟ್ಲಿಕ್ಕೆ ಹೊರಟ್ರೆ ಒಬ್ಬರ ಎರಡು ಸಾವಿರದ ಹೂವು ಪಟ್ಟಿಯಲ್ಲಿ ಐದು ಸಾವಿರ ಆಗಿ ಕೂತುಬಿಡ್ತದೆ. ಆಮೇಲೆ ಅದನ್ನು ಇಳಿಸ್ಲಿಕ್ಕೆ ಯಾರಿಗೂ ಬಾಯಿ ಬರುದಿಲ್ಲ.

ಇನ್ನು ಹಣ. ರಸೀದಿ ಕೊಟ್ಟು ತಗೊಂಡ ಹಣ ಒಟ್ಟು 1,59,500. ಅದ್ರಲ್ಲಿ ಯುಪಿಐಯಲ್ಲಿ ನೇರ ಬ್ಯಾಂಕಿಗೆ ಬಂದದ್ದು 98,000, ನಗದು 61,500. ಈ ನಗದಿನಲ್ಲಿ ನಾನು ಬ್ಯಾಂಕಿಗೆ ಕಟ್ಟಿದ್ದು 40,000 ಮಾತ್ರ. ಉಳಿದ 21,500 ಕೈಗೆ ಬಂದದ್ದು ಕೈಯಿಂದಲೇ ಖರ್ಚಾಯ್ತು. ಚೌತಿಯ ಹಿಂದಿನ ದಿನ ಬೆಳಗಾಗುವ ಮೊದಲೇ ದಾದರ್ ಹೂವಿನ ಮಾರ್ಕೆಟ್ಟಿಗೆ ಹೋದವರಿಗೆ 6,200 ಕೊಟ್ಟೆ. ಭಟ್ರ ದಕ್ಷಿಣೆ 5,000, ವಿಸರ್ಜನೆಯ ದಿನ ಡೋಲಿನವರಿಗೆ 7,000, ಟೆಂಪೋಗೆ 2,500, ಇನ್ನೊಂದು 800 ಚಿಲ್ಲರೆ.

27,000 ಮತ್ತು 21,500 ಕೂಡಿಸಿದ್ರೆ 48,500 ಆಗ್ತದೆ, ನೀನು ಹೇಳಿದ್ದು 44,500. ನಾಲ್ಕು ಸಾವಿರ ಹೆಚ್ಚಾಯ್ತಲ್ಲ. ಅದು ಹಬ್ಬಕ್ಕೆ ಹಾಲ್ ಬುಕ್ ಮಾಡಿದಾಗಿನ ಡಿಪಾಸಿಟ್. ಹಬ್ಬದ ಮೊದಲು ನಾವು ಕಟ್ಟಿದ್ದು, ಮುಗಿದ ಮೇಲೆ ವಾಪಸ್ ಬಂತು. ಬ್ಯಾಂಕಿನಲ್ಲಿ ಅದು ಜಮೆ ಅಂತ ಕಾಣ್ತದೆ, ಆದ್ರೆ ದೇಣಿಗೆ ಅಲ್ಲ, ಹಾಗಾಗಿ ರಸೀದಿ ಪುಸ್ತಕದಲ್ಲಿ ಇಲ್ಲ. ಅಂದ್ರೆ 98,000, 40,000, ಮತ್ತೆ ಈ 4,000, ಮೂರೂ ಕೂಡಿ ನಿನ್ನ 1,42,000.

ಇಲ್ಲಿಗೆ ನಿನ್ನ ಪ್ರಶ್ನೆಗೆ ಉತ್ತರ ಆಯ್ತು. ಆದ್ರೆ ಇದನ್ನು ಕೂಡಿಸಿ ಕಳೀತಾ ಕೂತಾಗ ನಿನ್ನ ಕಣ್ಣಿಗೆ ಬೀಳದ ಒಂದು ತಪ್ಪು ನನಗೆ ಸಿಕ್ಕಿತು. ನೀನು ಕೇಳಿದ್ದಕ್ಕಿಂತ ದೊಡ್ಡದು, ಮಾಡಿದ್ದು ನಾನೇ.

ಕೊನೆಯ ಸಾಲಿನಲ್ಲಿ "ಉಳಿಕೆ 55,300" ಅಂತ ಉಂಟಲ್ಲ. ಬಂದದ್ದು 1,86,500, ಖರ್ಚು 1,31,200, ಕಳೆದ್ರೆ ಅಷ್ಟೇ ಬರ್ತದೆ. ಕ್ಯಾಲ್ಕುಲೇಟರಿನದ್ದೇನೂ ತಪ್ಪಿಲ್ಲ. ಆದ್ರೆ ಬಂದದ್ದರ ಕಡೆ ಆ 27,000ದ ಅಕ್ಕಿ, ಎಣ್ಣೆ, ಲೈಟಿಂಗನ್ನು ಸೇರಿಸಿದ್ದೇನೆ, ಖರ್ಚಿನ ಕಡೆ ಸೇರಿಸ್ಲೇ ಇಲ್ಲ. ಅಕ್ಕಿ ಬಂತು, ಬೆಂದು ಎಲೆಗೆ ಬಿತ್ತು, ಅಲ್ಲಿಗೆ ಮುಗೀತು. ನನ್ನ ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಕಪಾಟಿನಲ್ಲಿ ನೋಟಾಗಿ ಕೂತಿದೆ! ವಸ್ತುವನ್ನು ಬರೆಯುವುದಾದ್ರೆ ಎರಡೂ ಕಡೆ ಬರೀಬೇಕು, ಇಲ್ಲದಿದ್ರೆ ಎರಡೂ ಕಡೆ ಬಿಡಬೇಕು. ಖರ್ಚಿಗೆ 27,000 ಸೇರಿಸಿದ್ರೆ ಖರ್ಚು 1,58,200, ನಿಜವಾದ ಉಳಿಕೆ 28,300.

ಇದನ್ನು ಪಾಸ್‌ಬುಕ್ಕಿನ ಕಡೆಯಿಂದಲೂ ನೋಡಿದೆ. ಈ ಹಬ್ಬಕ್ಕೆ ಬ್ಯಾಂಕಿಂದ ಹೋದದ್ದು 1,09,700 ಖರ್ಚು ಮತ್ತು 4,000 ಡಿಪಾಸಿಟ್, ಒಟ್ಟು 1,13,700. 1,42,000ದಲ್ಲಿ ಅದನ್ನು ಕಳೆದ್ರೆ 28,300. ಕಳೆದ ವರ್ಷದ ಹಣ ಬೇರೆ ಉಂಟು, ಅದನ್ನು ಇದ್ರಲ್ಲಿ ಬೆರೆಸ್ಲಿಲ್ಲ. ನಾನು 55,300 ಅಂತ ಹಾಕಿದ್ದನ್ನು ನೋಡಿ ಆಗ್ಲೇ ಇಬ್ಬರು ರಾಜ್ಯೋತ್ಸವಕ್ಕೆ ದೊಡ್ಡ ಹಾಲ್ ಬುಕ್ ಮಾಡುವ ಮಾತಾಡ್ತಿದ್ದಾರೆ. ದಯವಿಟ್ಟು ನಿಲ್ಲಿಸಿ, ಆ ಹಣ ಇಲ್ಲ. ಯಾರೂ ತಿನ್ನಲಿಲ್ಲ, ಮೊದಲಿಂದಲೂ ಇರ್ಲಿಲ್ಲ.

ಒಂದು ನಿಮಿಷ, ಕುಕ್ಕರ್ ಇಳಿಸಿ ಬರ್ತೇನೆ... ಹಾಂ, ಎಲ್ಲಿದ್ದೆ. ಆ 21,500.

ನೋಡು, ಅದಕ್ಕೆ ವೋಚರ್ ಉಂಟು. ದಾದರಿನಲ್ಲಿ ಹೂ ಮಾರುವವರು ಅಚ್ಚಾದ ಬಿಲ್ಲು ಕೊಡುದಿಲ್ಲ, ಕೇಳಿದ್ರೆ ಚೀಟಿಯಲ್ಲಿ ಮೊತ್ತ ಗೀಚಿ ಕೊಡ್ತಾರೆ. ಆ ಚೀಟಿಯನ್ನು ನಮ್ಮ ವೋಚರಿಗೆ ಪಿನ್ ಮಾಡಿ, ತಂದವರು ಒಂದು ಸಹಿ, ಜೊತೆಗೆ ಹೋದವರು ಒಂದು ಸಹಿ ಹಾಕಿದ್ದಾರೆ. ಡೋಲಿನವರ ಮುಖ್ಯಸ್ಥ ಸಹಿ ಹಾಕಿ ಫೋನ್ ನಂಬರೂ ಬರೆದಿದ್ದಾನೆ. ಭಟ್ರೂ ಸಹಿ ಹಾಕಿದ್ರು, ಸ್ವಲ್ಪ ನಗಾಡಿದ್ರು, ಇರ್ಲಿ. ಆದ್ರೂ ನಾನು ಮಾಡಿದ್ದು ಸರಿಯಾದ ಕ್ರಮ ಅಲ್ಲ. ನಗದು ಬಂದ ಕೂಡಲೇ ಪೂರ್ತಿ 61,500 ಬ್ಯಾಂಕಿಗೆ ಕಟ್ಟಿ, ಬೇಕಾದಷ್ಟನ್ನು ತೆಗೆದು ಖರ್ಚು ಮಾಡಿದ್ದಿದ್ರೆ ಪಾಸ್‌ಬುಕ್ಕಿನಲ್ಲಿ ಬಂದದ್ದೂ ಹೋದದ್ದೂ ಎರಡೂ ಕಾಣ್ತಿತ್ತು. ಈಗ ಆ ಹಣ ಬ್ಯಾಂಕಿನ ಮುಖವನ್ನೇ ನೋಡ್ಲಿಲ್ಲ. ವೋಚರ್ ಎಷ್ಟಿದ್ರೂ, ಬಂದ ನಗದು ಇಷ್ಟೇ ಅಂತ ಹೇಳ್ಲಿಕ್ಕೆ ರಸೀದಿ ಪುಸ್ತಕ ಒಂದೇ ಆಧಾರ. ಚೌತಿಯ ಸಮಯದಲ್ಲಿ ಬ್ಯಾಂಕಿಗೆ ಹೋಗ್ಲಿಕ್ಕೆ ಪುರುಸೊತ್ತಿರ್ಲಿಲ್ಲ ಅಂತ ಹೇಳಬಹುದು, ಆದ್ರೆ ನಿಜ ಏನಂದ್ರೆ ಹಣ ಕೈಯಲ್ಲಿತ್ತು, ಹೂವಿನವರು ಎದುರಿಗಿದ್ರು, ಕೊಟ್ಟುಬಿಟ್ಟೆ.

ಆದ್ದರಿಂದ ಪುಸ್ತಕವನ್ನೇ ಎಲ್ಲರೂ ನೋಡಿ. 50 ಹಾಳೆಯ ಮೂರು ಪುಸ್ತಕ, ನಂಬರ್ 1ರಿಂದ 150. ಉಪಯೋಗಿಸಿದ್ದು 137ರ ತನಕ. 138ರಿಂದ 150 ಖಾಲಿ, ಒಂದೊಂದರ ಮೇಲೂ ಅಡ್ಡಗೆರೆ ಎಳೆದು ಅಧ್ಯಕ್ಷರು ಸಹಿ ಹಾಕಿದ್ದಾರೆ. 84 ರದ್ದು, 1,100 ಬರೆಯುವಲ್ಲಿ 11,000 ಬರೆದುಬಿಟ್ಟಿದ್ರು. ಹರಿದ ಹಾಳೆಯೂ ಒಳಗಿನ ಪ್ರತಿಯೂ ಎರಡೂ ಪುಸ್ತಕದಲ್ಲೇ ಸ್ಟೇಪಲ್ ಆಗಿವೆ. ರದ್ದಾದ ರಸೀದಿಯಲ್ಲಿ ಒಳಪ್ರತಿ ಮಾತ್ರ ಇದ್ದು ಹೊರಗಿನ ಹಾಳೆ ಇಲ್ಲದಿದ್ರೆ ಆಗ ಸಂಶಯ ಪಡ್ಬೇಕು. ಆ ಹಾಳೆ ಯಾರದ್ದೋ ಮನೆಯಲ್ಲಿ ಇರ್ತದೆ, ಹಣ ಬೇರೆಲ್ಲೋ ಇರ್ತದೆ. ಇಲ್ಲಿ ನೋಂದಣಿ ಇಲ್ಲದ ಮಂಡಳಗಳು ವರ್ಗಣಿ ಎತ್ತಬೇಕಾದ್ರೆ ಧರ್ಮಾದಾಯ ಆಯುಕ್ತರ ಕಚೇರಿಯಿಂದ 41ಸಿ ಅನುಮತಿ ತಗೊಳ್ಬೇಕು, ಆಮೇಲೆ ಅಲ್ಲಿಗೆ ಲೆಕ್ಕವನ್ನೂ ಕೊಡ್ಬೇಕು. ನಮ್ಮದು ನೋಂದಣಿ ಆದ ಸಂಘ, ಆ ಅನುಮತಿಯ ಓಡಾಟ ನಮಗಿಲ್ಲ. ಆದ್ರೆ ವರ್ಷದ ಲೆಕ್ಕ ಆಡಿಟರ ಹತ್ತಿರ ಹೋದಾಗ ಅವರು ಮೊದಲು ತೆಗೆದು ನೋಡುವುದು ರಸೀದಿಯ ನಂಬರೇ.

137ನೇ ರಸೀದಿ ಯಾರದ್ದು ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಚೌತಿಯ ರಾತ್ರಿ ಯುಪಿಐಯಲ್ಲಿ 1,001 ಬಂದಿದೆ. ಬ್ಯಾಂಕಿನ ಪಟ್ಟಿಯಲ್ಲಿ ಯಾವುದೋ ಐಡಿಯ ಅರ್ಧ ಮತ್ತು 12 ಅಂಕಿಯ ರೆಫರೆನ್ಸ್ ನಂಬರ್, ಅಷ್ಟೇ ಉಂಟು, ಹೆಸರಿಲ್ಲ. "ಹೆಸರು ತಿಳಿಯದ ಭಕ್ತರು" ಅಂತ ರಸೀದಿ ಬರೆದು ಆ 12 ಅಂಕಿಯನ್ನು ಅದ್ರ ಮೇಲೆ ಬರೆದಿದ್ದೇನೆ. ಕಳಿಸಿದವರು ಫೋನಿನಲ್ಲಿ ಹಳೇ ಪೇಮೆಂಟ್ ತೆಗೆದು ನೋಡಿದ್ರೆ ಅದೇ ನಂಬರ್ ಕಾಣ್ತದೆ. ಕೊನೆಯ ನಾಲ್ಕು ಅಂಕಿ ನನಗೆ ಹೇಳಿದ್ರೆ ಹೆಸರು ಬರೆದು ಕೊಡ್ತೇನೆ. ಗ್ರೂಪಿನಲ್ಲಿ ಹಾಕ್ಬೇಡಿ, ನನಗೆ ಮಾತ್ರ ಕಳಿಸಿ, ಇಲ್ಲಿ ಹಾಕಿದ್ರೆ ನಾಲ್ಕು ಜನ ನನ್ನದು ಅಂತಾರೆ.

ಹಳೇ ಪಟ್ಟಿಯನ್ನು ನಾನು ಡಿಲೀಟ್ ಮಾಡುದಿಲ್ಲ. ಅದು ಅಲ್ಲೇ ಇರ್ಲಿ, ಅದ್ರ ಕೆಳಗೆ ತಿದ್ದಿದ ಪಟ್ಟಿ ಹಾಕ್ತೇನೆ. ಎಲ್ಲಿ ಬದಲಾಯಿತು, ಯಾಕೆ ಅಂತ ಎರಡು ಸಾಲು ಬರೀತೇನೆ. ಭಾನುವಾರ ನಾಲ್ಕು ಗಂಟೆಗೆ ಪುಸ್ತಕ, ಫೈಲು, ಪಾಸ್‌ಬುಕ್ ಎಲ್ಲ ನಮ್ಮ ಮನೆಯಲ್ಲಿರ್ತದೆ. ನಿನ್ನ ಅಪ್ಪನನ್ನು ಕರ್ಕೊಂಡು ಬಾ. ಅವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರಲ್ವಾ, 1ರಿಂದ 137ರ ತನಕ ಒಂದೊಂದಾಗಿ ಕೂಡಿಸಿ ನೋಡ್ಲಿ. ಮುಂದಿನ ವರ್ಷ ನಗದಿನ ಲೆಕ್ಕ ಅವರೇ ನೋಡ್ಲಿಕ್ಕೆ ಒಪ್ಪಿದ್ರೆ ನನಗೆ ದೊಡ್ಡ ಭಾರ ಇಳೀತದೆ. ಅದನ್ನು ಭಾನುವಾರ ನಾನೇ ಕೇಳ್ತೇನೆ.

ಮತ್ತೆ ಆ 800 ಚಿಲ್ಲರೆ. ಅದ್ರಲ್ಲಿ 500ಕ್ಕೆ ಚೀಟಿ ಸಿಕ್ಕಿತು, ತೆಂಗಿನಕಾಯಿ ಮತ್ತು ಕರ್ಪೂರದ್ದು. ಉಳಿದ 300 ವಿಸರ್ಜನೆಯ ದಿನ ಹುಡುಗರಿಗೆ ಚಾ, ವಡಾಪಾವ್‌ಗೆ ಹೋದದ್ದು ನನಗೆ ನೆನಪುಂಟು, ಆದ್ರೆ ನೆನಪನ್ನು ಫೈಲಿಗೆ ಪಿನ್ ಮಾಡ್ಲಿಕ್ಕೆ ಆಗುದಿಲ್ಲ. ಅದನ್ನು ನಾನೇ ಕಟ್ತೇನೆ. ದೇಣಿಗೆ ಅಂತ ರಸೀದಿ ಬರೆಯುದಿಲ್ಲ, ಚೀಟಿಯಿಲ್ಲದ ಖರ್ಚು ವಾಪಸ್ ಅಂತಲೇ ಬರೀತೇನೆ. ಹಾಗಾಗಿ ಭಾನುವಾರದ ಪಟ್ಟಿಯಲ್ಲಿ ಖರ್ಚು 1,57,900, ಉಳಿಕೆ 28,600 ಅಂತ ಕಾಣ್ತದೆ. ಆಗ ಮತ್ತೆ ಇನ್ನೊಂದು 300 ಎಲ್ಲಿಂದ ಬಂತು ಅಂತ ಕೇಳ್ಬೇಡ ಮಾರಾಯ.